ನಾಮಿನಿ ಖಾನೆಯಲ್ಲಿ ಯಾರ ಹೆಸರು?

ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವರನ್ನು ನಿವೃತ್ತಿಯ ಬಗ್ಗೆ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಪಿಎಫ್ ಇದೆಯಲ್ಲ. ಪಿಎಫ್ ಇದೆ ನಿಜ, ಅದರೊಳಗೆ ಪಿಂಚಣಿಯೂ ಇದೆ. ಆ ಪಿಂಚಣಿ ಎಷ್ಟು ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ನೌಕರರ ಪಿಂಚಣಿ ಯೋಜನೆ ಬಂದದ್ದು 1995ರಲ್ಲಿ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿಯನ್ನು 2014ರಲ್ಲಿ ತಿಂಗಳಿಗೆ 15,000 ರೂಪಾಯಿಗೆ ಏರಿಸಲಾಯಿತು. ಈ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಈ ಮಿತಿಯಲ್ಲಿ 35 ವರ್ಷ ದುಡಿದವರಿಗೂ ಸಿಗುವುದು ತಿಂಗಳಿಗೆ 7,500 ರೂಪಾಯಿ. ಬೆಂಗಳೂರಿನಲ್ಲಿ ಒಂದು ಸಣ್ಣ ಮನೆಯ ಬಾಡಿಗೆಗೂ ಅದು ಸಾಲದು.

ಈ ಕೊರತೆ ತುಂಬಿಕೊಳ್ಳಲು ಖಾಸಗಿ ನೌಕರರಿಗೆ ಇರುವ ದಾರಿಗಳಲ್ಲಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್, ಒಂದು. 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಮೊದಲು ಬಂತು; ಸಶಸ್ತ್ರ ಪಡೆಗಳನ್ನು ಹೊರಗಿಡಲಾಗಿತ್ತು. 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ಬಾಗಿಲು ತೆರೆಯಿತು. 2011ರ ಕೊನೆಗೆ ಕಂಪನಿಗಳು ತಮ್ಮ ನೌಕರರನ್ನು ಒಟ್ಟಾಗಿ ಸೇರಿಸುವ ಕಾರ್ಪೊರೇಟ್ ಮಾದರಿಯೂ ಬಂತು. ಮೊಬೈಲಿನಲ್ಲೇ ಖಾತೆ ತೆರೆಯಬಹುದು, ದಾಖಲೆಗಳು ಕೈಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಆ ಅರ್ಧ ಗಂಟೆಯಲ್ಲಿ ಆತುರದಿಂದ ತುಂಬಿದ ಖಾನೆಗಳ ಪರಿಣಾಮ ತಿಳಿಯುವುದು ಎಷ್ಟೋ ವರ್ಷಗಳ ಮೇಲೆ, ಕೆಲವೊಮ್ಮೆ ಖಾತೆದಾರರೇ ಇಲ್ಲದ ಹೊತ್ತಿನಲ್ಲಿ.

ಲೆಕ್ಕ ಸುಲಭವಾಗಲೆಂದು ಒಬ್ಬ ನೌಕರಳನ್ನು ಕಲ್ಪಿಸಿಕೊಳ್ಳೋಣ. ಹೆಸರು ರೇಖಾ, ವಯಸ್ಸು 34. ಊರು ಹೊನ್ನಾಳಿ, ಕೆಲಸ ಬೆಂಗಳೂರಿನ ಪೀಣ್ಯದ ಒಂದು ಖಾಸಗಿ ಕಂಪನಿಯಲ್ಲಿ. ತಂದೆ ಶಿವಪ್ಪ ತೀರಿಕೊಂಡಿದ್ದಾರೆ. ತಾಯಿ ಮಗಳನ್ನೇ ನಂಬಿಕೊಂಡಿದ್ದಾರೆ, ತಮ್ಮ ಇನ್ನೂ ಓದುತ್ತಿದ್ದಾನೆ. ಮದುವೆ ಮುಂದಿನ ವರ್ಷ. ಪಿಎಫ್‌ನ ಕಂಪನಿ ಪಾಲು ಬಿಟ್ಟು ವರ್ಷದ ಸಂಬಳ ಹದಿಮೂರೂವರೆ ಲಕ್ಷ, ಅದರಲ್ಲಿ ಮೂಲ ವೇತನ ತಿಂಗಳಿಗೆ 60,000. ಆಯ್ದುಕೊಂಡಿರುವುದು ಹೊಸ ತೆರಿಗೆ ಪದ್ಧತಿ.

ರೇಖಾ ಮೊದಲು ತೀರ್ಮಾನಿಸಬೇಕಾದದ್ದು ಯಾವ ಬಾಗಿಲಿನಿಂದ ಒಳಗೆ ಹೋಗುವುದು ಎಂಬುದನ್ನು. ಬ್ಯಾಂಕಿನ ಮೂಲಕವೋ ಇ-ಎನ್‌ಪಿಎಸ್ ಜಾಲತಾಣದಲ್ಲೋ ತಾನೇ ಖಾತೆ ತೆರೆದು ತನ್ನ ಕೈಯಿಂದ ಹಣ ಕಟ್ಟುವುದು ಒಂದು ದಾರಿ. ಕಂಪನಿಯ ಮೂಲಕ ಸೇರಿ, ಕಂಪನಿಯೇ ಪ್ರತಿ ತಿಂಗಳು ಹಣ ಹಾಕುವಂತೆ ಮಾಡಿಕೊಳ್ಳುವುದು ಇನ್ನೊಂದು. ಎರಡರಲ್ಲೂ ಸಿಗುವುದು 12 ಅಂಕಿಯ ಅದೇ ಪ್ರಾನ್, ಅಂದರೆ ಶಾಶ್ವತ ನಿವೃತ್ತಿ ಖಾತೆ ಸಂಖ್ಯೆ. ಹಣ ಹೂಡುವ ನಿಧಿಗಳೂ ಅವೇ. ವ್ಯತ್ಯಾಸ ಇರುವುದು ತೆರಿಗೆಯಲ್ಲಿ, ಮತ್ತು ಅದು ದೊಡ್ಡ ವ್ಯತ್ಯಾಸ.

ಹೊಸ ತೆರಿಗೆ ಪದ್ಧತಿಯಲ್ಲಿ ನೌಕರರು ತಮ್ಮ ಕೈಯಿಂದ ಕಟ್ಟಿದ ಹಣಕ್ಕೆ ಯಾವ ವಿನಾಯಿತಿಯೂ ಇಲ್ಲ. ಎಲ್ಲರ ಬಾಯಲ್ಲಿರುವ ಆ 50,000 ರೂಪಾಯಿಯ ಹೆಚ್ಚುವರಿ ವಿನಾಯಿತಿ ಹಳೆಯ ಪದ್ಧತಿಯವರಿಗೆ ಮಾತ್ರ. ಕಂಪನಿ ಹಾಕುವ ಪಾಲಿನ ಕತೆ ಬೇರೆ. 2024ರ ಜುಲೈ ಬಜೆಟ್‌ನಲ್ಲಿ, ಹೊಸ ಪದ್ಧತಿಯಲ್ಲಿರುವ ಖಾಸಗಿ ನೌಕರರಿಗೂ ಮೂಲ ವೇತನದ ಶೇ 14ರವರೆಗಿನ ಕಂಪನಿ ಪಾಲನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅವಕಾಶ ಸಿಕ್ಕಿತು. ಅದಕ್ಕೆ ಮೊದಲು ಈ ಮಿತಿ ಶೇ 10 ಇತ್ತು. ‘ಕಂಪನಿ ಪಾಲು’ ಎಂದ ಕೂಡಲೇ ಕಂಪನಿ ತನ್ನ ಜೇಬಿನಿಂದ ಹೆಚ್ಚುವರಿ ಕೊಡುತ್ತದೆ ಎಂದುಕೊಳ್ಳಬೇಕಿಲ್ಲ. ಬಹಳ ಕಡೆ ಅದು ಒಟ್ಟು ಸಂಬಳದೊಳಗಿನ ಒಂದು ಭತ್ಯೆಯನ್ನು ಕಡಿಮೆ ಮಾಡಿ ಎನ್‌ಪಿಎಸ್‌ಗೆ ತಿರುಗಿಸುವುದಷ್ಟೇ. ಹಣ ನೌಕರರದ್ದೇ, ಕಟ್ಟುವ ಕೈ ಮಾತ್ರ ಕಂಪನಿಯದು. ಆದರೂ ತೆರಿಗೆ ಕಾಯ್ದೆಗೆ ಬೇಕಾದದ್ದು ಆ ಕೈಯೇ.

ರೇಖಾಳ ಲೆಕ್ಕವನ್ನು 2025-26ನೇ ಸಾಲಿನ ದರದಲ್ಲಿ ನೋಡೋಣ. ಎನ್‌ಪಿಎಸ್ ಇಲ್ಲದಿದ್ದರೆ ಹದಿಮೂರೂವರೆ ಲಕ್ಷದಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12,75,000 ಉಳಿಯುತ್ತದೆ. ಇದಕ್ಕೆ ಸೆಸ್ ಸೇರಿ ತೆರಿಗೆ 74,100 ರೂಪಾಯಿ. ಈಗ ಮೂಲ ವೇತನದ ಶೇ 14ರಂತೆ ತಿಂಗಳಿಗೆ 8,400 ರೂಪಾಯಿಯನ್ನು ಕಂಪನಿ ಎನ್‌ಪಿಎಸ್‌ಗೆ ಹಾಕಿತು ಎನ್ನೋಣ. ವರ್ಷಕ್ಕೆ 1,00,800 ಆಯಿತು. ಅದನ್ನೂ ಕಳೆದರೆ ಉಳಿಯುವುದು 11,74,200. ಹನ್ನೆರಡು ಲಕ್ಷದವರೆಗೆ ಪೂರ್ತಿ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಹೀಗೆ ಪಿಂಚಣಿ ಖಾತೆಗೆ ಒಂದು ಲಕ್ಷಕ್ಕೂ ಹೆಚ್ಚು ಹೋದರೂ ಅವಳ ಕೈಗೆ ಬರುವ ಹಣದಲ್ಲಿ ಕಡಿಮೆಯಾಗುವುದು ವರ್ಷಕ್ಕೆ 26,700, ತಿಂಗಳಿಗೆ 2,225 ರೂಪಾಯಿ ಮಾತ್ರ.

ಎಲ್ಲರಿಗೂ ಇಷ್ಟು ಲಾಭವಾಗುವುದಿಲ್ಲ, ಅದನ್ನೂ ಹೇಳಬೇಕು. ರೇಖಾಳ ಸಂಬಳ ಹನ್ನೆರಡು ಲಕ್ಷದ ಗಡಿಯ ಆಚೆ ಸ್ವಲ್ಪವೇ ಇದ್ದದ್ದರಿಂದ ಹೀಗಾಯಿತು. ವರ್ಷಕ್ಕೆ ಆರೇಳು ಲಕ್ಷದ ಸಂಬಳ ಪಡೆಯುವವರಿಗೆ ಹೊಸ ಪದ್ಧತಿಯಲ್ಲಿ ಹೇಗೂ ತೆರಿಗೆಯಿಲ್ಲ. ಅವರು ಎನ್‌ಪಿಎಸ್ ಸೇರಿದರೆ ಪಿಂಚಣಿಗೆಂದು ಸೇರಬೇಕೇ ಹೊರತು ತೆರಿಗೆ ಉಳಿಸಲು ಅಲ್ಲ. ಮಾರ್ಚ್ ತಿಂಗಳಲ್ಲಿ ‘ತೆರಿಗೆ ಉಳಿಸಿ’ ಎಂದು ಫೋನ್ ಮಾಡುವವರು ಈ ಒಂದು ವಾಕ್ಯವನ್ನು ಹೇಳುವುದು ಅಪರೂಪ.

ಹಾಗಾಗಿ ರೇಖಾ ಮೊದಲು ಎಚ್‌ಆರ್ ವಿಭಾಗವನ್ನು ಕೇಳಬೇಕಾದ ಪ್ರಶ್ನೆ: ಕಂಪನಿ ಎನ್‌ಪಿಎಸ್‌ನ ಕಾರ್ಪೊರೇಟ್ ಮಾದರಿಯಲ್ಲಿ ನೋಂದಾಯಿಸಿದೆಯೇ? ನೋಂದಾಯಿಸಿದ್ದರೆ ಅರ್ಜಿಯಲ್ಲಿ ಕಂಪನಿಯ ಹೆಸರು ಆಯ್ದು, ನೌಕರ ಸಂಖ್ಯೆ, ಕೆಲಸಕ್ಕೆ ಸೇರಿದ ದಿನ, ನಿವೃತ್ತಿಯ ದಿನ ತುಂಬಬೇಕು. ಕಂಪನಿ ಅದನ್ನು ದೃಢೀಕರಿಸಿದ ಮೇಲೆ ಖಾತೆ ಕಂಪನಿಯ ಪಟ್ಟಿಗೆ ಸೇರುತ್ತದೆ. ಮೊದಲೇ ಸ್ವಂತವಾಗಿ ಖಾತೆ ತೆರೆದಿದ್ದರೆ ಹೊಸ ಅರ್ಜಿ ಹಾಕಬಾರದು. ಒಬ್ಬರಿಗೆ ಒಂದೇ ಪ್ರಾನ್. ಹಳೆಯದನ್ನೇ ಕಂಪನಿಯ ಕೆಳಗೆ ವರ್ಗಾಯಿಸಲು ಬೇರೆ ಅರ್ಜಿ ಇದೆ. ಕಂಪನಿ ನೋಂದಾಯಿಸಿಯೇ ಇಲ್ಲದಿದ್ದರೆ ಕೆಲವು ನೌಕರರು ಸೇರಿ ಕೇಳಬಹುದು. ಬ್ಯಾಂಕುಗಳ ಮೂಲಕ ನೋಂದಾಯಿಸಿಕೊಳ್ಳಲು ಸಣ್ಣ ಸಂಸ್ಥೆಗಳಿಗೂ ಅವಕಾಶವಿದೆ.

ಇನ್ನು ಗುರುತಿನ ಪರಿಶೀಲನೆ. ಕರ್ನಾಟಕದವರು ಎಡವುವುದು ಇಲ್ಲೇ, ಕಾರಣ ನಮ್ಮ ಇನಿಷಿಯಲ್‌ಗಳು.

ರೇಖಾ ಶಾಲೆಯಲ್ಲಿ ಎಚ್. ಎಸ್. ರೇಖಾ. ಎಚ್ ಎಂದರೆ ಹೊನ್ನಾಳಿ, ಎಸ್ ಎಂದರೆ ಶಿವಪ್ಪ. ಆಧಾರ್ ಮಾಡಿಸುವಾಗ ಅದು ‘ರೇಖಾ ಎಚ್ ಎಸ್’ ಆಯಿತು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯಬಾರದು, ಬಿಡಿಸಿ ಬರೆಯಬೇಕು ಎಂಬ ಸೂಚನೆ ಇದೆ. ಹಾಗಾಗಿ ಪ್ಯಾನ್ ಕಾರ್ಡಿನಲ್ಲಿ ಅವಳು ‘ಹೊನ್ನಾಳಿ ಶಿವಪ್ಪ ರೇಖಾ’. ಸಂಬಳದ ಬ್ಯಾಂಕ್ ಖಾತೆಯಲ್ಲಿ ‘ರೇಖಾ ಎಸ್’. ಓದುವ ಮನುಷ್ಯನಿಗೆ ಈ ಮೂವರೂ ಒಬ್ಬಳೇ ಎಂದು ತಿಳಿಯುತ್ತದೆ, ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಆನ್‌ಲೈನ್ ಅರ್ಜಿ ಆಧಾರ್ ಆಧಾರದಲ್ಲಿ ನಡೆದರೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ಹಾಕಿದ ಕೂಡಲೇ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ಆಧಾರ್‌ನಿಂದ ತಾವೇ ಬಂದು ಕೂರುತ್ತವೆ. ಅವನ್ನು ಅರ್ಜಿಯಲ್ಲಿ ತಿದ್ದಲು ಆಗುವುದಿಲ್ಲ. ಪ್ಯಾನ್ ಸಂಖ್ಯೆಯನ್ನು ಆದಾಯ ತೆರಿಗೆ ಇಲಾಖೆಯ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಹೆಸರೋ ಹುಟ್ಟಿದ ದಿನವೋ ಹೊಂದದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಹುಟ್ಟಿದ ದಿನದ ತೊಂದರೆಯೂ ಹಳ್ಳಿಯಿಂದ ಬಂದವರಿಗೆ ಹೊಸದಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದದ್ದು ಒಂದು ಕಡೆ, ನಿಜವಾದ ದಿನ ಇನ್ನೊಂದು ಕಡೆ ದಾಖಲಾಗಿರುವ ಮನೆಗಳು ಎಷ್ಟೋ ಇವೆ.

ಅರ್ಜಿಯ ಹೊತ್ತಿನಲ್ಲಿ ಅರ್ಜಿ ನಿಂತರೆ ಅದು ಅದೃಷ್ಟ ಎನ್ನಬೇಕು. ಆಗ ಸರಿಪಡಿಸಲು ಸಮಯ ಇರುತ್ತದೆ. ತಡವಾಗಿ ಹೊರಬರುವ ತಪ್ಪು ಬ್ಯಾಂಕಿನ ಹೆಸರಿನದು. ಖಾತೆಯಿಂದ ಹಣ ತೆಗೆಯುವಾಗ ಅಥವಾ ಬ್ಯಾಂಕ್ ವಿವರ ಬದಲಿಸುವಾಗ ‘ಪೆನಿ ಡ್ರಾಪ್’ ಎಂಬ ಪರೀಕ್ಷೆ 2023ರಿಂದ ಕಡ್ಡಾಯವಾಗಿದೆ. ಕೊಟ್ಟ ಬ್ಯಾಂಕ್ ಖಾತೆಗೆ ಒಂದು ಸಣ್ಣ ಮೊತ್ತ ಕಳಿಸಿ, ಅಲ್ಲಿಂದ ಬರುವ ಖಾತೆದಾರರ ಹೆಸರನ್ನು ಪ್ರಾನ್‌ನ ಹೆಸರಿಗೆ ಹೋಲಿಸುತ್ತಾರೆ. ಹೊಂದದಿದ್ದರೆ ಹಣ ಬರುವುದಿಲ್ಲ. ಇಪ್ಪತ್ತಾರು ವರ್ಷ ಕಟ್ಟಿದ ಹಣ ‘ರೇಖಾ ಎಸ್’ ಎಂಬ ಎರಡು ಪದಗಳ ಮುಂದೆ ನಿಂತುಬಿಡುತ್ತದೆ.

ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಪ್ಯಾನ್‌ನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲದ್ದರಿಂದ, ಬಿಡಿಸಿದ ಹೆಸರಿಗೆ ಆಧಾರನ್ನೂ ಬ್ಯಾಂಕನ್ನೂ ತರುವುದು ಜಾಣತನ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಪಿಎಫ್ ದಾಖಲೆ ಎಲ್ಲವನ್ನೂ ಎದುರಿಗಿಟ್ಟುಕೊಂಡು, ಇನ್ನು ಮುಂದೆ ಎಲ್ಲ ಕಡೆ ಇರಬೇಕಾದ ಒಂದೇ ಕಾಗುಣಿತ ಯಾವುದು ಎಂದು ಮನೆಯಲ್ಲೇ ತೀರ್ಮಾನಿಸಿ ಹೋಗಬೇಕು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳುವ ಯೋಚನೆ ರೇಖಾಗೆ ಇದ್ದರೆ ಈ ಲೆಕ್ಕದಲ್ಲಿ ಅದೂ ಬರಬೇಕು.

ಮೊಬೈಲ್ ಸಂಖ್ಯೆಯದು ಸಣ್ಣ ವಿಷಯ, ಆದರೆ ಕೆಲಸ ನಿಲ್ಲಿಸುವಷ್ಟು ದೊಡ್ಡದು. ಆಧಾರ್ ಮಾಡಿಸಿದಾಗ ಅಪ್ಪನ ಸಂಖ್ಯೆ ಕೊಟ್ಟಿದ್ದು, ಆ ಸಿಮ್ ಈಗ ಇನ್ಯಾರ ಕೈಯಲ್ಲೋ ಇದ್ದರೆ ಒಟಿಪಿ ಅವರಿಗೆ ಹೋಗುತ್ತದೆ. ಹೊಸ ಸಂಖ್ಯೆಯನ್ನು ಅಂಚೆ ಕಚೇರಿಯ ಅಥವಾ ಇನ್ನಾವುದಾದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಜೋಡಿಸಿಕೊಳ್ಳಬಹುದು. ಅರ್ಜಿಗೆ ಮೊದಲೇ ಮುಗಿಸಿಕೊಳ್ಳಬೇಕಾದ ಕೆಲಸ ಇದು.

ಹೂಡಿಕೆಯ ಆಯ್ಕೆಗೆ ಬಂದರೆ ಜನ ಹೆದರುವುದು ಇಲ್ಲೇ ಹೆಚ್ಚು, ಹೆದರಬೇಕಾದದ್ದು ಇಲ್ಲೇ ಕಡಿಮೆ. ಏಕೆಂದರೆ ಈ ಖಾನೆಯನ್ನು ಆಮೇಲೆ ಬದಲಿಸಬಹುದು. ಹಣ ಎಲ್ಲಿ ಎಷ್ಟು ಎಂಬ ಪಾಲನ್ನು ವರ್ಷಕ್ಕೆ ನಾಲ್ಕು ಸಲ, ನಿಧಿ ನಿರ್ವಹಿಸುವ ಸಂಸ್ಥೆಯನ್ನು ವರ್ಷಕ್ಕೆ ಒಂದು ಸಲ ಬದಲಿಸಲು ಬಿಡುತ್ತಾರೆ. ಎಸ್‌ಬಿಐ, ಎಲ್‌ಐಸಿ, ಯುಟಿಐ, ಎಚ್‌ಡಿಎಫ್‌ಸಿ ಮೊದಲಾದ ಸಂಸ್ಥೆಗಳ ಪಿಂಚಣಿ ನಿಧಿಗಳಲ್ಲಿ ಒಂದನ್ನು ಆರಿಸಬೇಕು. ಕೆಲವು ಕಂಪನಿಗಳಲ್ಲಿ ಈ ಆಯ್ಕೆಯನ್ನು ಕಂಪನಿಯೇ ಮಾಡಿರುತ್ತದೆ. ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪಾಲು ಹಂಚಲು ಎರಡು ವಿಧಾನ. ‘ಆ್ಯಕ್ಟಿವ್’ ಆರಿಸಿದರೆ ಷೇರಿಗೆ ಎಷ್ಟು, ಕಂಪನಿಗಳ ಸಾಲಪತ್ರಕ್ಕೆ ಎಷ್ಟು, ಸರ್ಕಾರಿ ಸಾಲಪತ್ರಕ್ಕೆ ಎಷ್ಟು ಎಂದು ಖಾತೆದಾರರೇ ಹೇಳಬೇಕು. ಷೇರಿಗೆ ಹೆಚ್ಚೆಂದರೆ ಶೇ 75. ‘ಆಟೊ’ ಆರಿಸಿದರೆ ವಯಸ್ಸಾದಂತೆ ಷೇರಿನ ಪಾಲು ತಾನೇ ಇಳಿಯುತ್ತದೆ. ಏನನ್ನೂ ಆರಿಸದೆ ಬಿಟ್ಟರೆ ಆಟೊದ ಮಧ್ಯಮ ವಿಧಾನ ಅನ್ವಯವಾಗುತ್ತದೆ. ಅದರಲ್ಲಿ 35 ವರ್ಷದವರೆಗೆ ಅರ್ಧ ಹಣ ಷೇರಿನಲ್ಲಿ, ಆಮೇಲೆ ವರ್ಷಕ್ಕೆ ಎರಡೆರಡು ಪಾಲು ಇಳಿದು 55ಕ್ಕೆ ಶೇ 10. ಹೆಚ್ಚು ಷೇರಿನ ವಿಧಾನ ಶೇ 75ರಿಂದ ಶುರುವಾಗುತ್ತದೆ, ಆದರೆ ಬೇಗ ಇಳಿಯುತ್ತದೆ. ನಲವತ್ತೈದರ ಹೊತ್ತಿಗೆ ಮಧ್ಯಮದಲ್ಲಿ ಶೇ 30 ಇದ್ದರೆ ಇದರಲ್ಲಿ ಶೇ 35. ಎರಡರ ನಡುವೆ ಭಾರಿ ವ್ಯತ್ಯಾಸ ಇರುವುದು ಮೂವತ್ತರ ಆಸುಪಾಸಿನಲ್ಲಿ ಮಾತ್ರ. ಇಷ್ಟು ಸಾಲದು ಎನ್ನುವ ಖಾಸಗಿ ನೌಕರರಿಗೆ 2025ರ ಅಕ್ಟೋಬರ್‌ನಿಂದ ಪೂರ್ತಿ ಷೇರಿನಲ್ಲೇ ಹೂಡುವ ಯೋಜನೆಗಳೂ ತೆರೆದಿವೆ.

ರೇಖಾಗೆ ಪಿಎಫ್ ಇದೆ, ಅದು ಬಡ್ಡಿ ಬರುವ ಹಣ. ಎನ್‌ಪಿಎಸ್ ಅನ್ನೂ ಸಾಲಪತ್ರಗಳಿಂದಲೇ ತುಂಬಿದರೆ ಎರಡೂ ಒಂದೇ ಬಗೆಯದಾಗುತ್ತವೆ. ಹಾಗಾಗಿ ಮೂವತ್ತನಾಲ್ಕರಲ್ಲಿ ಹೆಚ್ಚು ಷೇರಿನ ವಿಧಾನ ಅವಳಿಗೆ ಒಪ್ಪುತ್ತದೆ. ಆದರೆ ಇಲ್ಲಿ ಖಾತರಿ ಎಂಬುದಿಲ್ಲ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿದಿತ್ತು. ಅಂಥ ದಿನ ಖಾತೆ ತೆರೆದು ನೋಡಿ, ಗಾಬರಿಯಿಂದ ಎಲ್ಲವನ್ನೂ ಸರ್ಕಾರಿ ಸಾಲಪತ್ರಕ್ಕೆ ಬದಲಿಸುವ ಸ್ವಭಾವದವರಿಗೆ ಮಧ್ಯಮ ವಿಧಾನವೇ ವಾಸಿ.

ಷೇರಿನ ಪಾಲಿಗಿಂತ ಹೆಚ್ಚು ಯೋಚಿಸಬೇಕಾದ ಒಂದು ಸಂಗತಿ ಅರ್ಜಿಯ ಯಾವ ಖಾನೆಯಲ್ಲೂ ಇರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಮಕ್ಕಳ ಓದು, ಮದುವೆ, ಮನೆ, ಗಂಭೀರ ಕಾಯಿಲೆ ಮುಂತಾದ ಕಾರಣಗಳಿಗೆ ಸ್ವಲ್ಪ ಹಣ ತೆಗೆಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ತೆಗೆಯಬಹುದಾದದ್ದು ಖಾತೆದಾರರು ತಾವು ಕಟ್ಟಿದ ಹಣದ ಶೇ 25 ಮಾತ್ರ. ಕಂಪನಿಯ ಪಾಲು ಆ ಲೆಕ್ಕಕ್ಕೆ ಬರುವುದಿಲ್ಲ. ರೇಖಾಳ ತಿಂಗಳ 8,400 ಪೂರ್ತಿ ಕಂಪನಿ ಪಾಲಾಗಿಯೇ ಹೋಗುವುದರಿಂದ, ಹತ್ತು ವರ್ಷದ ಮೇಲೆ ಖಾತೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಣ ಬಿದ್ದಿದ್ದರೂ ‘ತಾನು ಕಟ್ಟಿದ್ದು’ ಎಂಬ ಕಲಂನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ತೆರಿಗೆ ಉಳಿಸಿಕೊಟ್ಟ ಏರ್ಪಾಡೇ ಹಣಕ್ಕೆ ಬೀಗವನ್ನೂ ಹಾಕಿತು. ಕಷ್ಟಕಾಲದ ಹಣವನ್ನು ಅವಳು ಬೇರೆ ಕಡೆ ಇಡಬೇಕು.

ಅರವತ್ತರ ಹೊತ್ತಿನ ನಿಯಮ ಮಾತ್ರ ಇತ್ತೀಚೆಗೆ ಸಡಿಲವಾಗಿದೆ. ಮೊದಲು ಕೂಡಿದ ಹಣದ ಶೇ 40ರಿಂದ ವಿಮಾ ಕಂಪನಿಯ ಆನ್ಯುಟಿ, ಅಂದರೆ ತಿಂಗಳ ಪಿಂಚಣಿ, ಕೊಳ್ಳಲೇಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಸರ್ಕಾರಿಯೇತರ ಖಾತೆದಾರರಿಗೆ ಇದನ್ನು ಶೇ 20ಕ್ಕೆ ಇಳಿಸಿದರು. ಪೂರ್ತಿ ಹಣವನ್ನು ಕೈಗೆ ಪಡೆಯುವ ಅವಕಾಶ ಸಣ್ಣ ಮೊತ್ತದ ಖಾತೆಗಳಿಗೆ ಮಾತ್ರ.

ಈಗ ನಾಮಿನಿ. ಅರ್ಜಿಯಲ್ಲಿ ಅತಿ ಬೇಗ ತುಂಬುವ ಖಾನೆ ಇದು, ಮತ್ತು ಆಮೇಲೆ ಯಾರೂ ತೆರೆದು ನೋಡದ ಖಾನೆಯೂ ಇದೇ.

ಮೂವರವರೆಗೆ ನಾಮಿನಿ ಮಾಡಬಹುದು. ಪ್ರತಿಯೊಬ್ಬರಿಗೂ ಶೇಕಡಾ ಎಷ್ಟು ಎಂದು ಬರೆಯಬೇಕು, ಅದು ಪೂರ್ಣಾಂಕವೇ ಆಗಿರಬೇಕು, ಒಟ್ಟು ನೂರಾಗಬೇಕು. ಮೂವರಿಗೆ ಸಮ ಎಂದು 33.33 ಬರೆದರೆ ಒಪ್ಪುವುದಿಲ್ಲ. 33, 33, 34 ಎಂದೇ ಬರೆಯಬೇಕು. ನಾಮಿನಿ ಅಪ್ರಾಪ್ತ ಮಗುವಾದರೆ ಹುಟ್ಟಿದ ದಿನ ಮತ್ತು ಪೋಷಕರ ಹೆಸರು ಬೇಕು. ಇಷ್ಟು ಸುಲಭದ ಭಾಗ.

ರೇಖಾ ಈಗ ತಾಯಿಗೆ 50, ತಮ್ಮನಿಗೆ 50 ಎಂದು ಬರೆದಳು ಎನ್ನೋಣ. ಮನೆಯ ನ್ಯಾಯಕ್ಕೆ ಅದು ಸರಿ. ಆದರೆ ಪಿಂಚಣಿ ಪ್ರಾಧಿಕಾರದ ನಿಯಮದಲ್ಲಿ ‘ಕುಟುಂಬ’ಕ್ಕೆ ಒಂದು ವ್ಯಾಖ್ಯೆ ಇದೆ. ಹೆಣ್ಣು ಖಾತೆದಾರರಿಗೆ ಗಂಡ, ಮಕ್ಕಳು, ತನ್ನನ್ನು ಅವಲಂಬಿಸಿದ ತಂದೆತಾಯಿ, ಗಂಡನ ಅವಲಂಬಿತ ತಂದೆತಾಯಿ, ತೀರಿಹೋದ ಮಗನ ಹೆಂಡತಿ ಮತ್ತು ಮಕ್ಕಳು. ಗಂಡಿಗೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ, ತೀರಿಹೋದ ಮಗನ ಹೆಂಡತಿ ಮತ್ತು ಮಕ್ಕಳು. ತಮ್ಮ, ತಂಗಿ, ಅಕ್ಕ, ಅಣ್ಣ ಈ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವವರು ಯಾರೂ ಇಲ್ಲದವರು ಯಾರನ್ನು ಬೇಕಾದರೂ ನಾಮಿನಿ ಮಾಡಬಹುದು. ಆದರೆ ಒಬ್ಬರಿದ್ದರೂ ಹೊರಗಿನವರ ಹೆಸರಿನ ನಾಮನಿರ್ದೇಶನ ಊರ್ಜಿತವಲ್ಲ. ರೇಖಾಗೆ ಅವಲಂಬಿತ ತಾಯಿ ಇದ್ದಾರೆ. ಹಾಗಾಗಿ ತಮ್ಮನ 50 ನಿಲ್ಲುವುದಿಲ್ಲ. ಅರ್ಜಿ ತುಂಬುವಾಗ ಕಂಪ್ಯೂಟರ್ ‘ತಮ್ಮ’ ಎಂಬುದನ್ನು ಒಪ್ಪಿಕೊಂಡರೂ ಹಣ ಕೇಳುವ ದಿನ ಪ್ರಶ್ನೆ ಏಳುತ್ತದೆ.

ಅವಳು ತಿಳಿದವರನ್ನು ಕೇಳಿ ತಾಯಿಗೇ ನೂರು ಎಂದು ಬರೆದಳು. ಮುಂದಿನ ವರ್ಷ ಮದುವೆಯಾಯಿತು. ಅಲ್ಲಿಗೆ ಆ ನಾಮನಿರ್ದೇಶನವೂ ಹೋಯಿತು. ಮದುವೆಗೆ ಮೊದಲು ಮಾಡಿದ ನಾಮನಿರ್ದೇಶನ ಮದುವೆಯೊಂದಿಗೆ ಅಸಿಂಧು, ಹೊಸದಾಗಿ ಮಾಡಬೇಕು ಎನ್ನುತ್ತದೆ ನಿಯಮ. ಖಾತೆಯ ಪರದೆಯಲ್ಲಿ ಮಾತ್ರ ತಾಯಿಯ ಹೆಸರು ಹಾಗೇ ಕಾಣುತ್ತಿರುತ್ತದೆ. ರೇಖಾ ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾಳೆ.

ಮುಂದಿನದು ನುಡಿಯಬಾರದ ಮಾತು, ಆದರೆ ಹೇಳದೆ ವಿಷಯ ಮುಗಿಯುವುದಿಲ್ಲ. ಹೊಸ ನಾಮಿನಿ ಮಾಡದೆ ರೇಖಾ ತೀರಿಹೋದರೆ ಹಣ ಕಾನೂನುಬದ್ಧ ವಾರಸುದಾರರಿಗೆ. ಅವರು ವಾರಸುದಾರಿಕೆಯ ಪ್ರಮಾಣಪತ್ರಕ್ಕಾಗಿ ಕಂದಾಯ ಕಚೇರಿಗೋ ನ್ಯಾಯಾಲಯಕ್ಕೋ ಅಲೆಯಬೇಕು. ವಿಳಂಬ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ, ಉಯಿಲು ಬರೆಯದೆ ತೀರಿಹೋದ ಹಿಂದೂ ಹೆಣ್ಣಿನ ಆಸ್ತಿ ಮೊದಲು ಗಂಡ ಮತ್ತು ಮಕ್ಕಳಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಆಮೇಲೆ ಅವಳ ತಾಯಿತಂದೆಗೆ. ಮಗಳನ್ನೇ ನಂಬಿದ್ದ ತಾಯಿ ಸಾಲಿನ ಹಿಂದಕ್ಕೆ ಹೋಗಿಬಿಡುತ್ತಾರೆ. ಗಂಡುಮಗ ಹೀಗೇ ತೀರಿಹೋದರೆ ತಾಯಿ, ಹೆಂಡತಿ, ಮಕ್ಕಳು ಒಂದೇ ವರ್ಗದಲ್ಲಿ ಸಮಪಾಲು ಪಡೆಯುತ್ತಾರೆ. ಈ ಕಾನೂನು ಸರಿಯೇ ಎಂಬ ಚರ್ಚೆ ಬೇರೆ. ತಾಯಿಯನ್ನು ಸಾಕುತ್ತಿರುವ ಹೆಣ್ಣುಮಕ್ಕಳು ಮದುವೆಯಾದ ತಿಂಗಳೇ ನಾಮಿನಿ ಖಾನೆ ತೆರೆಯಲು ಇಷ್ಟೇ ಕಾರಣ ಸಾಕು.

ಪರಿಹಾರ ಸುಲಭ. ಮದುವೆಯ ನಂತರ ಹೊಸದಾಗಿ ಗಂಡನಿಗೆ 50, ತಾಯಿಗೆ 50 ಎಂದೋ, ಬೇರೆ ಯಾವ ಪ್ರಮಾಣದಲ್ಲೋ ಬರೆಯಬಹುದು. ಅವಲಂಬಿತ ತಾಯಿ ಮದುವೆಯಾದ ಮಗಳ ಕುಟುಂಬದ ವ್ಯಾಖ್ಯೆಯಲ್ಲೂ ಇದ್ದಾರೆ. ಲಾಗಿನ್ ಮಾಡಿ, ಹೆಸರು ತುಂಬಿ, ಆಧಾರ್ ಒಟಿಪಿಯಿಂದ ಇ-ಸಹಿ ಹಾಕಿದರೆ ಮುಗಿಯಿತು. ಮಗು ಹುಟ್ಟಿದಾಗ ಮತ್ತೊಮ್ಮೆ. ತಮ್ಮನಿಗೆ ಏನಾದರೂ ಕೊಡಲೇಬೇಕೆಂದಿದ್ದರೆ ಅದಕ್ಕೆ ಉಯಿಲೋ ಬೇರೆ ಉಳಿತಾಯವೋ ದಾರಿ, ಈ ಖಾತೆ ಅಲ್ಲ.

ಸರ್ಕಾರಿಯೇತರ ಖಾತೆದಾರರು ತೀರಿಹೋದರೆ ನಾಮಿನಿಗೆ ಪೂರ್ತಿ ಹಣ ಒಟ್ಟಿಗೇ ಸಿಗುತ್ತದೆ, ಆನ್ಯುಟಿ ಕೊಳ್ಳುವ ಕಡ್ಡಾಯವಿಲ್ಲ. ಆದರೆ ಅವರಿಗೆ ಖಾತೆ ಇರುವುದೇ ಗೊತ್ತಿರದಿದ್ದರೆ ಕೇಳುವವರು ಯಾರು? ಪ್ರಾನ್ ಸಂಖ್ಯೆಯನ್ನು ತಾಯಿಯ ಬ್ಯಾಂಕ್ ಪಾಸ್‌ಬುಕ್ಕಿನೊಳಗೆ ಒಂದು ಚೀಟಿಯಲ್ಲಿ ಬರೆದಿಡುವುದು ಹಳೆಯ ಕ್ರಮ, ಈಗಲೂ ಕೆಲಸಕ್ಕೆ ಬರುತ್ತದೆ. ಪಾಸ್‌ವರ್ಡ್ ಮತ್ತು ಒಟಿಪಿ ಮಾತ್ರ ಯಾರಿಗೂ ಬೇಡ.

ಪಿಎಫ್‌ಗೂ ಎನ್‌ಪಿಎಸ್‌ಗೂ ನಾಮಿನಿ ಬೇರೆಬೇರೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಮದುವೆಯೊಂದಿಗೆ ಹಳೆಯ ನಾಮನಿರ್ದೇಶನ ಅಸಿಂಧುವಾಗುವ ನಿಯಮ ಪಿಎಫ್‌ನಲ್ಲೂ ಇದೆ. ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ಅನ್ನು ಅದೇ ದಿನ ಮುಗಿಸಿಕೊಳ್ಳಬಹುದು.

ಖಾತೆ ತೆರೆದ ಮೇಲಿನ ಮೊದಲ ಎರಡು ಮೂರು ತಿಂಗಳು ರೇಖಾ ಒಂದು ಕೆಲಸ ಮಾಡಬೇಕು. ಸಂಬಳದ ಚೀಟಿಯಲ್ಲಿ ಎನ್‌ಪಿಎಸ್ ಎಂದು 8,400 ಕಾಣುತ್ತದೆ. ಅಷ್ಟೇ ಹಣ, ಅದೇ ತಿಂಗಳಿನದು, ಖಾತೆಯ ವಹಿವಾಟು ಪಟ್ಟಿಯಲ್ಲಿ ಬಂದಿದೆಯೇ ಎಂದು ನೋಡಬೇಕು. ಕಂಪನಿ ಹಣ ಕಳಿಸಲು ತಡಮಾಡಿದರೆ ಆ ದಿನಗಳ ಹೂಡಿಕೆ ತಪ್ಪುತ್ತದೆ. ಪ್ರಾನ್‌ನಲ್ಲಿ ಒಂದು ಅಂಕಿ ತಪ್ಪಿದ್ದರೆ ಹಣ ಬಂದೇ ಇರುವುದಿಲ್ಲ. ಆ ಪಟ್ಟಿಯಲ್ಲಿ ಕಂಪನಿ ಪಾಲು ಮತ್ತು ನೌಕರರ ಪಾಲು ಬೇರೆಬೇರೆ ಕಲಂನಲ್ಲಿ ಇರುತ್ತವೆ. ಕಂಪನಿ ಪಾಲು ತಪ್ಪಿ ನೌಕರರ ಕಲಂಗೆ ಬಿದ್ದಿದ್ದರೆ ಶೇ 14ರ ವಿನಾಯಿತಿಗೆ ದಾಖಲೆ ಸಿಗುವುದಿಲ್ಲ. ವರ್ಷ ಮುಗಿಯುವ ಮೊದಲು ಹೇಳಿದರೆ ಸರಿಪಡಿಸುವುದು ಸುಲಭ.

ಕೆಲಸ ಬದಲಿಸಿದಾಗ ಪ್ರಾನ್ ಜೊತೆಗೇ ಬರುತ್ತದೆ. ಹೊಸ ಕಂಪನಿಯೂ ಕಾರ್ಪೊರೇಟ್ ಮಾದರಿಯಲ್ಲಿದ್ದರೆ ಅದರ ಕೆಳಗೆ ವರ್ಗಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಎಲ್ಲ ನಾಗರಿಕರ ಮಾದರಿಗೆ. ಹಾಗೆ ಬಂದ ಮೇಲೆ ಕಂಪನಿ ಪಾಲು ನಿಲ್ಲುತ್ತದೆ, ಹೊಸ ಪದ್ಧತಿಯ ತೆರಿಗೆ ಲಾಭವೂ ನಿಲ್ಲುತ್ತದೆ. ವರ್ಷಕ್ಕೆ ಕನಿಷ್ಠ 1,000 ರೂಪಾಯಿಯನ್ನು ಕೈಯಿಂದ ಕಟ್ಟುತ್ತಿದ್ದರೆ ಖಾತೆ ಚಾಲ್ತಿಯಲ್ಲಿ ಇರುತ್ತದೆ, ಒಳಗಿನ ಹಣ ಮೊದಲಿನಂತೆ ಹೂಡಿಕೆಯಲ್ಲೇ ಮುಂದುವರಿಯುತ್ತದೆ. ಹಳೆಯ ಕಂಪನಿ ಕೊಟ್ಟಿದ್ದ ಇಮೇಲ್ ವಿಳಾಸವನ್ನು ಖಾತೆಗೆ ಕೊಟ್ಟಿದ್ದರೆ, ರಾಜೀನಾಮೆ ಕೊಡುವ ಮೊದಲೇ ಅದನ್ನು ಸ್ವಂತ ವಿಳಾಸಕ್ಕೆ ಬದಲಿಸಿಕೊಳ್ಳಬೇಕು. ಕೊನೆಯ ದಿನ ಸಂಜೆ ಕಂಪನಿಯ ಮೇಲ್ ಮುಚ್ಚಿದರೆ ಪಾಸ್‌ವರ್ಡ್ ಮರುಹೊಂದಿಸುವ ಸಂದೇಶವೂ ಅಲ್ಲಿಗೇ ಹೋಗುತ್ತದೆ.